ಬಡ್ಡಿ ಕಡಿಮೆ, ಬಿಡುಗಡೆ ದುಬಾರಿ

5 ಲಕ್ಷ ರೂಪಾಯಿಯ ವೈಯಕ್ತಿಕ ಸಾಲ, ಐದು ವರ್ಷದ ಅವಧಿ. ಒಬ್ಬರು ಶೇ. 13ರ ಸ್ಥಿರ ಬಡ್ಡಿಗೆ ಕೊಡುತ್ತಾರೆ. ತಿಂಗಳ ಕಂತು 11,377. ಇನ್ನೊಬ್ಬರದು ಶೇ. 13.5, ಕಂತು 11,505. ಯಾರಾದರೂ ಮೊದಲಿನವರನ್ನೇ ಆರಿಸುತ್ತಾರೆ.

ಎರಡು ವರ್ಷದ ನಂತರ ಕೈಗೆ ಹಣ ಬಂತು, ಸಾಲ ತೀರಿಸೋಣ ಎಂದುಕೊಳ್ಳಿ. ಮೊದಲಿನವರಲ್ಲಿ ಬಾಕಿ ಅಸಲು ಸುಮಾರು 3.38 ಲಕ್ಷ. ಅವರ ಅವಧಿಪೂರ್ವ ಮುಕ್ತಾಯ ಶುಲ್ಕ ಶೇ. 4 ಇದ್ದರೆ 13,500 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ಹತ್ತಿರ ಹತ್ತಿರ 15,900. ಎರಡನೆಯವರು ಶುಲ್ಕ ಕೇಳದಿದ್ದರೆ, ಅವರ ಹೆಚ್ಚಿನ ಬಡ್ಡಿಯಿಂದ ಅಷ್ಟರಲ್ಲಿ ನಿಮಗಾದ ಹೊರೆ ಸುಮಾರು 4,450 ಮಾತ್ರ. ಅಗ್ಗದ ಸಾಲವೇ 11,000ಕ್ಕೂ ಮೀರಿ ತುಟ್ಟಿಯಾಯಿತು!

ಭಾಗಶಃ ಮರುಪಾವತಿಯಲ್ಲಿ ತೊಡಕು ಇನ್ನೂ ಸೂಕ್ಷ್ಮ. ಮೊದಲ ಹನ್ನೆರಡು ಕಂತು ಮುಗಿಯುವವರೆಗೆ ಕಟ್ಟುವಂತಿಲ್ಲ, ವರ್ಷಕ್ಕೆ ಬಾಕಿಯ ಕಾಲು ಭಾಗ ಮೀರುವಂತಿಲ್ಲ ಎಂಬಂಥ ಷರತ್ತುಗಳು ಕೆಲವೆಡೆ ಇರುತ್ತವೆ.

2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ ಸಾಲಗಳಲ್ಲಿ, ವ್ಯಾಪಾರೇತರ ಉದ್ದೇಶಕ್ಕೆ ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿಯ ಸಾಲಕ್ಕೆ ಈ ಶುಲ್ಕ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಆದೇಶಿಸಿದೆ. ಆದರೆ ವೈಯಕ್ತಿಕ ಸಾಲಗಳಲ್ಲಿ ಬಹುಪಾಲು ಸ್ಥಿರ ಬಡ್ಡಿಯವು. ಅವಕ್ಕೆ ಈ ರಕ್ಷಣೆಯಿಲ್ಲ.

ಸಹಿಗೆ ಮೊದಲು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ. ಶುಲ್ಕದ ವಿವರ ಅದರಲ್ಲೇ ಇರಬೇಕು. ಏಜೆಂಟರ ಬಾಯಿಮಾತು ಸಾಲದು.