ನಾವಿಬ್ಬರೇ ಹೋಗೋಣ್ವಾ?

ಆರು ತಿಂಗಳಿಂದ ದಿನವೂ ವಾಟ್ಸಾಪ್‌ನಲ್ಲಿ ಹರಟುತ್ತಿರುವ ಇಬ್ಬರಲ್ಲಿ ಒಬ್ಬರಿಗೆ ಇನ್ನೊಬ್ಬರ ಮೇಲೆ ಮನಸ್ಸಾಗಿದೆ ಎಂದುಕೊಳ್ಳಿ. ಬಾಯಿಬಿಟ್ಟು ಹೇಳಿಲ್ಲ, ಆದರೆ ಸೂಚನೆ ಕೊಟ್ಟಾಗಿದೆ ಎಂಬ ನಂಬಿಕೆ ಇದೆ. ಸ್ಟೇಟಸ್ ಹಾಕಿದ ಕೂಡಲೇ ನೋಡಿದ್ದೇನೆ, ಜ್ವರ ಬಂದಾಗ ನಾಲ್ಕು ಸಲ ವಿಚಾರಿಸಿದ್ದೇನೆ, ‘ನಿಮ್ಮಂಥವರು ಸಿಗೋದು ಕಷ್ಟ’ ಎಂದೂ ಬರೆದಿದ್ದೇನೆ, ಇಷ್ಟಾದ ಮೇಲೂ ಗೊತ್ತಾಗಲಿಲ್ಲವೆಂದರೆ ಅವರಿಗೆ ಇಷ್ಟವಿಲ್ಲ ಅಂತಲೇ ಅರ್ಥ. ಹೀಗೆ ತೀರ್ಮಾನಿಸಿ ಸುಮ್ಮನಾಗುವವರು ಬಹಳ ಮಂದಿ. ಎದುರಿನವರು ಇದ್ಯಾವುದನ್ನೂ ಆ ಅರ್ಥದಲ್ಲಿ ಓದಿರುವುದೇ ಇಲ್ಲ.

ಕೆನಡಾದ ಮನಶ್ಶಾಸ್ತ್ರಜ್ಞೆ ಜಾಕ್ವಿ ವೊರಾವರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ತಪ್ಪು ಲೆಕ್ಕವನ್ನೇ ಹಿಡಿದು ತೋರಿಸಿತು. ಒಲವಿನ ಸೂಚನೆ ಕೊಟ್ಟವರು ತಾವು ಕೊಟ್ಟದ್ದು ದೊಡ್ಡ ಸೂಚನೆ ಎಂದು ಭಾವಿಸುತ್ತಾರೆ. ಪಡೆದವರಿಗೆ ಅದು ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ನಿರಾಕರಣೆಯ ಅಳುಕು ಮನಸ್ಸಿನಲ್ಲಿದ್ದಾಗ ಈ ತಪ್ಪು ಲೆಕ್ಕ ಸುಲಭವಾಗಿ ನುಸುಳುತ್ತದೆ. ಕಾರಣ ಸರಳ. ‘ನಿಮ್ಮಂಥವರು ಸಿಗೋದು ಕಷ್ಟ’ ಎಂದು ಟೈಪ್ ಮಾಡುವಾಗ ಆದ ಎದೆಬಡಿತ ಬರೆದವರಿಗೆ ಮಾತ್ರ ಗೊತ್ತು. ಓದುವವರ ಕೈಗೆ ಸಿಗುವುದು ಮೂರು ಪದ. ಅದನ್ನು ಒಳ್ಳೆಯ ಸ್ನೇಹಿತರೂ ಹೇಳುತ್ತಾರೆ, ಸಾಲ ಕೇಳಲು ಬಂದವರೂ ಹೇಳುತ್ತಾರೆ.

ಮುಖಾಮುಖಿ ಕೂತಾಗಲೂ ಪರಿಸ್ಥಿತಿ ಹೆಚ್ಚು ಬೇರೆಯಲ್ಲ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ತಂಡ ಪರಿಚಯವಿಲ್ಲದ 52 ಜೋಡಿ ವಿದ್ಯಾರ್ಥಿಗಳನ್ನು ಹತ್ತು ಹನ್ನೆರಡು ನಿಮಿಷ ಮಾತಾಡಲು ಬಿಟ್ಟು, ಆಮೇಲೆ ಇಬ್ಬರನ್ನೂ ಬೇರೆಬೇರೆಯಾಗಿ ವಿಚಾರಿಸಿತು. ಎದುರಿನವರು ಒಲವು ತೋರದಿದ್ದಾಗ ಅದನ್ನು ಸರಿಯಾಗಿ ಊಹಿಸಿದವರು ನೂರಕ್ಕೆ 80ಕ್ಕೂ ಹೆಚ್ಚು. ನಿಜಕ್ಕೂ ತೋರಿದ್ದಾಗ ಗುರುತಿಸಿದವರು ಗಂಡಸರಲ್ಲಿ 36, ಹೆಂಗಸರಲ್ಲಿ 18. ಅಂದರೆ ಸ್ಪಷ್ಟ ಮಾತು ಬರುವ ತನಕ ಹೆಚ್ಚಿನವರು ‘ಇದು ಬರೀ ಸ್ನೇಹ’ ಎಂದೇ ನಂಬಿರುತ್ತಾರೆ. ಹಾಗೆ ನಂಬುವುದರಲ್ಲಿ ತಪ್ಪೇನೂ ಇಲ್ಲ.

ಹಾಗಾದರೆ ಏನು ಹೇಳಬೇಕು? ಒಂದು ಸಂದರ್ಭ ಕಟ್ಟಿಕೊಳ್ಳೋಣ. ಬೆಂಗಳೂರಿನಲ್ಲಿ ಕೆಲಸಮಾಡುವ ತುಮಕೂರಿನ ಹುಡುಗಿ, ಶಿವಮೊಗ್ಗದ ಹುಡುಗ. ಗೆಳತಿಯ ಮದುವೆಯಲ್ಲಿ ಪರಿಚಯ, ಇಬ್ಬರಿಗೂ ನಾಟಕದ ಹುಚ್ಚು, ಇನ್ನೂ ಪರಸ್ಪರ ‘ನೀವು’. ಅವಳು ಏನೂ ಕೇಳದಿದ್ದ ದಿನವೂ ಅವನಾಗಿಯೇ ಮಾತು ಶುರುಮಾಡುತ್ತಾನೆ, ಅವಳ ಉತ್ತರಕ್ಕೆ ತಿರುಗಿ ಪ್ರಶ್ನೆ ಕೇಳುತ್ತಾನೆ, ಕಳೆದ ವಾರ ಅವಳು ಹೇಳಿದ್ದನ್ನು ನೆನಪಿಟ್ಟಿರುತ್ತಾನೆ. ಇದು ಪ್ರೇಮದ ಸಾಕ್ಷಿಯಲ್ಲ, ಕೇಳಿನೋಡಲು ಸಾಕಾಗುವಷ್ಟು ನೆಲ. ಇಷ್ಟೂ ಇಲ್ಲದೆ, ಬರೀ ‘ಹೂಂ’, ‘ಸರಿ’, ಹೆಬ್ಬೆರಳಿನ ಚಿತ್ರ ಬರುತ್ತಿದ್ದರೆ ಕೇಳುವ ಹೊತ್ತಿನ್ನೂ ಬಂದಿಲ್ಲ.

ಒಂದು ಸಂಜೆ ನಾಟಕದ ಮಾತು ಸಾಗಿರುವಾಗಲೇ ಅವಳು ಹೀಗೆ ಬರೆಯುತ್ತಾಳೆ: ‘ಶನಿವಾರ ರಂಗಶಂಕರಕ್ಕೆ ನಾವಿಬ್ಬರೇ ಹೋಗೋಣ್ವಾ? ಫ್ರೆಂಡ್ಸ್ ಥರ ಅಲ್ಲ, ಡೇಟ್ ಅಂತಲೇ ಕೇಳ್ತಿದೀನಿ, ನೀವಂದ್ರೆ ನಂಗಿಷ್ಟ.’

ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದಾದ ಮಾತು. ‘ನಾವಿಬ್ಬರೇ’ ಎಂಬುದು ಉಳಿದ ಗೆಳೆಯರ ಗುಂಪನ್ನು ಪಕ್ಕಕ್ಕಿಡುತ್ತದೆ. ‘ಫ್ರೆಂಡ್ಸ್ ಥರ ಅಲ್ಲ’ ಎಂಬುದು ಇದುವರೆಗೆ ಎರಡೂ ಕಡೆಗೆ ಹೊಂದುತ್ತಿದ್ದ ಅರ್ಥಗಳಲ್ಲಿ ಒಂದನ್ನು ತೆಗೆದುಹಾಕುತ್ತದೆ. ಇಡೀ ಮಾತಿನ ಕೀಲು ಇರುವುದು ಅಲ್ಲೇ. ಆ ಮೂರು ಪದ ಬಿಟ್ಟು ಓದಿದರೆ ‘ನೀವಂದ್ರೆ ನಂಗಿಷ್ಟ’ ಎಂಬುದೂ ಸ್ನೇಹದ ಮಾತೇ ಆಗಿಬಿಡಬಹುದು, ಏಕೆಂದರೆ ನಾವು ಅತ್ತಿಗೆಯ ಸಾರನ್ನೂ ಮೇಷ್ಟರ ಪಾಠವನ್ನೂ ಇಷ್ಟವೆಂದೇ ಹೇಳುವವರು. ಇನ್ನು ಶನಿವಾರ, ರಂಗಶಂಕರ ಎಂಬ ವಿವರಗಳು. ಅವನು ಉತ್ತರಿಸಬೇಕಾದದ್ದು ತನ್ನ ಇಡೀ ಬದುಕಿನ ಬಗ್ಗೆ ಅಲ್ಲ, ಒಂದು ಸಂಜೆಯ ಬಗ್ಗೆ.

ಹೆಚ್ಚಿನವರು ಎಡವುವುದು ಇಲ್ಲಿ ಎಂದು ನನಗನಿಸುತ್ತದೆ. ಮಾತು ಹಗುರವಾಗಿರಬೇಕೆಂದು ಅದನ್ನು ಮಸುಕು ಮಾಡುತ್ತಾರೆ. ‘ಶನಿವಾರ ಏನ್ ಪ್ಲಾನು?’ ಎಂದು ಕೇಳಿ, ಅವನು ‘ಊರಿಗೆ ಹೋಗ್ತಿದೀನಿ’ ಎಂದರೆ ‘ಓ, ಸುಮ್ನೆ ಕೇಳ್ದೆ’ ಎಂದು ಹಿಂದೆ ಸರಿಯುತ್ತಾರೆ. ಆದರೆ ಮಾತು ಭಾರವಾಗುವುದು ಅದರ ಅರ್ಥ ಸ್ಪಷ್ಟವಾಗಿರುವುದರಿಂದಲ್ಲ, ಅದು ಎದುರಿನವರಿಂದ ಕೇಳುವುದು ದೊಡ್ಡದಾಗಿರುವುದರಿಂದ. ‘ನೀವಿಲ್ಲದೆ ಬದುಕೋಕಾಗಲ್ಲ’ ಎನ್ನುವುದು ಒಬ್ಬರ ಬದುಕಿನ ಹೊಣೆಯನ್ನೇ ಇನ್ನೊಬ್ಬರ ತಲೆಗೆ ಕಟ್ಟುತ್ತದೆ. ಅದಕ್ಕೆ ‘ಇಲ್ಲ’ ಎನ್ನುವವರು ಕಟುಕರಂತೆ ಕಾಣಬೇಕಾಗುತ್ತದೆ. ‘ಡೇಟ್ ಅಂತಲೇ ಕೇಳ್ತಿದೀನಿ’ ಎಂಬುದು ಅದಕ್ಕಿಂತ ಸ್ಪಷ್ಟ, ಆದರೂ ಹಗುರ. ಅದಕ್ಕೆ ‘ಇಲ್ಲ’ ಎಂದರೆ ತಪ್ಪುವುದು ಒಂದು ನಾಟಕ ಮಾತ್ರ.

ಕಳಿಸಿದ ಮೇಲೆ ಕೈಕಟ್ಟಿ ಕೂರುವುದೇ ಕಷ್ಟದ ಕೆಲಸ. ನೀಲಿ ಗೆರೆ ಬಂತು, ಉತ್ತರವಿಲ್ಲ. ಆಗ ನಗುವ ಇಮೋಜಿ ಸೇರಿಸುವುದು, ‘ತಮಾಷೆಗೆ ಹೇಳ್ದೆ, ಸೀರಿಯಸ್ ಆಗಿ ತಗೋಬೇಡಿ’ ಎನ್ನುವುದು, ಮೆಸೇಜನ್ನೇ ಅಳಿಸುವುದು, ಇವು ಕಷ್ಟಪಟ್ಟು ತಂದ ಸ್ಪಷ್ಟತೆಯನ್ನು ಕೆಡಿಸುತ್ತವೆ. ಅವನು ‘ಹೂಂ’ ಎನ್ನಲು ಮನಸ್ಸು ಮಾಡುತ್ತಿದ್ದರೆ ಆ ಎರಡನೇ ಮೆಸೇಜು ಬಾಗಿಲು ಮುಚ್ಚುತ್ತದೆ. ಯೋಚಿಸಲು ಒಂದು ದಿನ ಬೇಕಾದರೆ ಬೇಕು.

ಉತ್ತರ ಓದುವುದಕ್ಕೂ ಒಂದು ಕ್ರಮವಿದೆ. ‘ಈ ಶನಿವಾರ ಊರಿಗೆ ಹೋಗ್ಬೇಕು, ಮುಂದಿನ ವಾರ ಆಗತ್ತಾ?’ ಎಂದರೆ ಅದು ಒಪ್ಪಿಗೆ, ಏಕೆಂದರೆ ಅವನೇ ಇನ್ನೊಂದು ದಿನ ಕೊಟ್ಟಿದ್ದಾನೆ. ‘ನೋಡೋಣ’ ಎಂದಷ್ಟೇ ಬಂದು ದಿನದ ಮಾತೇ ಇಲ್ಲದಿದ್ದರೆ ನಮ್ಮ ಕಡೆ ಅದು ಬಹುಪಾಲು ನಯವಾದ ‘ಬೇಡ’. ‘ಎಲ್ಲರೂ ಹೋಗೋಣ, ಮಜಾ ಇರತ್ತೆ’ ಎಂಬುದೂ ಹಾಗೆಯೇ. ಆಗ ಬರೆಯಬೇಕಾದದ್ದು ಒಂದೇ ಸಾಲು: ‘ಸರಿ, ಅರ್ಥ ಆಯ್ತು. ಕೇಳ್ಬೇಕು ಅನ್ನಿಸ್ತು, ಕೇಳ್ದೆ.’ ಯಾಕೆ, ಬೇರೆ ಯಾರಾದರೂ ಇದ್ದಾರಾ ಎಂಬ ವಿಚಾರಣೆ ಬೇಡ. ಅದೇ ಪ್ರಶ್ನೆಯನ್ನು ತಿಂಗಳು ಬಿಟ್ಟು ಮತ್ತೆ ಕೇಳುವುದೂ ಬೇಡ. ಹೆಣ್ಣೊಬ್ಬಳು ಇಷ್ಟವಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಗಂಡಸು ಮತ್ತೆಮತ್ತೆ ಸಂಪರ್ಕಿಸಿದರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಅದನ್ನು ಅಪರಾಧವೆಂದೇ ಪರಿಗಣಿಸುತ್ತದೆ.

ಎಲ್ಲ ಕಡೆ ಈ ವಾಕ್ಯ ಸಲ್ಲುವುದಿಲ್ಲ. ಎದುರಿನವರ ಸಂಬಳ, ಅಂಕ, ಬಡ್ತಿ ಕೇಳುವವರ ಕೈಯಲ್ಲಿದ್ದರೆ ಎಷ್ಟೇ ಹಗುರವಾಗಿ ಕೇಳಿದರೂ ಅದು ಹಗುರವಾಗಿರುವುದಿಲ್ಲ. ಇಂಥ ಪ್ರಸ್ತಾಪ ತಿರಸ್ಕರಿಸುವುದು ಎಷ್ಟು ಮುಜುಗರವೆಂಬುದನ್ನು ಪ್ರಸ್ತಾಪ ಮಾಡಿದವರು ಕಡಿಮೆ ಅಂದಾಜು ಮಾಡುತ್ತಾರೆಂದು ವನೆಸ್ಸಾ ಬೋನ್ಸ್ ಮತ್ತು ಲಾರೆನ್ ಡಿವಿನ್ಸೆಂಟ್ 2019ರ ತಮ್ಮ ಅಧ್ಯಯನದಲ್ಲಿ ತೋರಿಸಿದ್ದಾರೆ. ‘ಬೇಡವಾಗಿದ್ದರೆ ಹೇಳುತ್ತಿದ್ದಳು’ ಎಂಬ ಸಮಾಧಾನ ಮೇಲಧಿಕಾರಿಗೆ ಸಲ್ಲದು.

ತುಮಕೂರಿನ ಹುಡುಗಿಗೆ ಮರುದಿನ ಉತ್ತರ ಬಂತೆನ್ನಿ: ‘ಖಂಡಿತ! ನನ್ನ ತಂಗಿಗೂ ನಾಟಕ ಅಂದ್ರೆ ಇಷ್ಟ, ಕರ್ಕೊಂಡು ಬರ್ಲಾ?’ ಅವನು ಮೆಸೇಜಿನ ಮೊದಲ ಸಾಲನ್ನಷ್ಟೇ ಓದಿದನೋ, ನಯವಾಗಿ ತಪ್ಪಿಸಿಕೊಂಡನೋ ಹೇಳಲಾಗದು. ಇಲ್ಲಿ ಒಂದೇ ಒಂದು ಸಲ, ಅಷ್ಟೇ ಹಗುರವಾಗಿ, ವಿಚಾರಿಸಬಹುದು: ‘ತಂಗೀನ ಇನ್ನೊಂದಿನ ಕರ್ಕೊಂಡು ಹೋಗೋಣ. ಈ ಸಲ ಡೇಟ್ ಅಂತ ಕೇಳಿದ್ದು, ಹೂಂ ಅಂತೀರಾ?’ ಇದಕ್ಕೆ ಅವನು ‘ಅಯ್ಯೋ, ಗೊತ್ತಾಗ್ಲಿಲ್ಲ, ಹೂಂ’ ಎಂದರೆ ಟಿಕೆಟ್ ಕಾಯ್ದಿರಿಸಿ, ಹೊತ್ತಿಗೆ ಮುಂಚೆಯೇ ಬರಲು ಹೇಳಬೇಕು. ರಂಗಶಂಕರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ತಂಗಿಯ ಮಾತನ್ನೇ ಮತ್ತೆ ತೆಗೆದರೆ ಮೂವರೂ ನಾಟಕ ನೋಡಿ ಬರಬಹುದು, ಸ್ನೇಹಿತರಾಗಿಯೇ.