ನೆಗಡಿ ಹೋದರೂ ಕಿವಿ ಬಿಟ್ಟುಕೊಳ್ಳದಿರುವುದು ಏಕೆ?

ಕಿವಿತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಪೊಳ್ಳು ಜಾಗವೊಂದಿದೆ. ಅದೇ ನಡುಗಿವಿ. ಅದರ ಒಳಪೊರೆ ಅಲ್ಲಿನ ಗಾಳಿಯನ್ನು ಸದಾ ಸ್ವಲ್ಪಸ್ವಲ್ಪವಾಗಿ ಹೀರಿಕೊಳ್ಳುತ್ತಿರುತ್ತದೆ. ಹೀಗೆ ಖಾಲಿಯಾದುದನ್ನು ತುಂಬಿಕೊಡುವುದು ಮೂಗಿನ ಹಿಂಭಾಗದಿಂದ ಬರುವ ಯುಸ್ಟೇಷಿಯನ್ ನಾಳ. ಈ ನಾಳ ಸಾಮಾನ್ಯವಾಗಿ ಮುಚ್ಚಿಕೊಂಡೇ ಇದ್ದು, ಉಗುಳು ನುಂಗಿದಾಗ ಅಥವಾ ಆಕಳಿಸಿದಾಗ ಕ್ಷಣಕಾಲ ತೆರೆದುಕೊಳ್ಳುತ್ತದೆ.

ನೆಗಡಿಯಾದಾಗ ನಾಳದ ಒಳಗೋಡೆ ಊದಿಕೊಂಡು ಈ ದಾರಿ ಕಟ್ಟಿಹೋಗುತ್ತದೆ. ಹೀರಿಕೊಳ್ಳುವ ಕೆಲಸ ಮಾತ್ರ ನಿಲ್ಲುವುದಿಲ್ಲ. ಒಳಗಿನ ಒತ್ತಡ ಇಳಿದು ತಮಟೆ ಒಳಕ್ಕೆ ಸೆಳೆದುಕೊಳ್ಳುತ್ತದೆ, ಪೊರೆಯಿಂದ ದ್ರವ ಜಿನುಗಿ ಗಾಳಿಯ ಜಾಗವನ್ನು ತುಂಬುತ್ತದೆ. ಇದು ಕೀವಲ್ಲ, ಹಾಗಾಗಿ ಜ್ವರವಾಗಲಿ ಹೆಚ್ಚು ನೋವಾಗಲಿ ಇರುವುದಿಲ್ಲ.

ತಮಟೆ ಚೆನ್ನಾಗಿ ಕಂಪಿಸಬೇಕಾದರೆ ಅದರ ಎರಡೂ ಬದಿಗೆ ಗಾಳಿಯೇ ಇರಬೇಕು. ಹಿಂದೆ ದ್ರವ ನಿಂತರೆ ಅದೂ, ಅದಕ್ಕೆ ಅಂಟಿಕೊಂಡ ಕಿರುಮೂಳೆಗಳೂ ಭಾರವಾಗುತ್ತವೆ. ಕೇಳುವ ಶಕ್ತಿ ಸುಮಾರು 20ರಿಂದ 30 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ಎದುರಿಗೆ ಕೂತವರ ಮಾತು ಕೇಳಿಸಿದರೂ ಪಿಸುಮಾತು ತಪ್ಪಿಹೋಗುತ್ತದೆ. ಆದರೆ ತನ್ನದೇ ದನಿ, ಹಪ್ಪಳ ಅಗಿಯುವ ಸದ್ದು ತಲೆಯೊಳಗೆ ಜೋರಾಗಿ ಮೊಳಗುತ್ತವೆ. ಅವು ತಲೆಬುರುಡೆಯ ಮೂಳೆಯ ಮೂಲಕ ನೇರವಾಗಿ ಒಳಗಿವಿಗೆ ಹೋಗುತ್ತವೆ.

ಒಂದೇ ಕಿವಿ ಕಟ್ಟಿದ್ದಾಗ ಇದರಿಂದ ಒಂದು ಉಪಯುಕ್ತ ಸುಳಿವು ಸಿಗುತ್ತದೆ. ಬಾಯಿ ಮುಚ್ಚಿ 'ಮ್' ಎಂದು ಗುನುಗಿದಾಗ ಸದ್ದು ಕಟ್ಟಿದ ಕಿವಿಯಲ್ಲೇ ಹೆಚ್ಚು ಕೇಳಿಸಿದರೆ ತೊಂದರೆ ದ್ರವದ್ದೋ ಗುಗ್ಗೆಯದ್ದೋ ಇರಬಹುದು. ಸರಿಯಿರುವ ಕಿವಿಯಲ್ಲಿ ಹೆಚ್ಚು ಕೇಳಿಸಿದರೆ ಒಳಗಿವಿಗೇ ಪೆಟ್ಟಾಗಿರುವ ಸಾಧ್ಯತೆಯಿದೆ. ಅದರಲ್ಲೂ ಕೇಳಿಸುವುದು ದಿಢೀರನೆ ಕುಗ್ಗಿದ್ದರೆ, ಗುನುಗು ಯಾವ ಕಡೆ ಕೇಳಿಸಿದರೂ, ಅಂದೇ ಅಥವಾ ಮರುದಿನವೇ ಕಿವಿ ವೈದ್ಯರ ಬಳಿ ಹೋಗಬೇಕು. ಒಳಗಿವಿಯ ಹಾನಿಗೆ ಕೊಡುವ ಸ್ಟಿರಾಯ್ಡ್ ಚಿಕಿತ್ಸೆ ತಡವಾದಷ್ಟೂ ಫಲ ಕಡಿಮೆ.

ಮೂಗು ಒಂದು ವಾರದಲ್ಲಿ ಸರಿಹೋದರೂ ನಾಳದ ಊತ ಇಳಿಯಲು ಹೆಚ್ಚು ದಿನ ಬೇಕು. ಲೋಳೆಯಂಥ ದ್ರವವನ್ನು ಕಣ್ಣಿಗೆ ಕಾಣದ ರೋಮಗಳು ಆ ಕಿರಿದಾದ ನಾಳದೊಳಗೇ ತಳ್ಳಿ ಹೊರಹಾಕಬೇಕು. ದೊಡ್ಡವರಲ್ಲಿ ಇದಕ್ಕೆ ಹಲವು ವಾರ ಹಿಡಿಯಬಹುದು. ಮಕ್ಕಳ ನಾಳ ಗಿಡ್ಡವಾಗಿ, ಹೆಚ್ಚು ಅಡ್ಡಡ್ಡವಾಗಿ ಇರುವುದರಿಂದ ಮೂರು ತಿಂಗಳವರೆಗೂ ಎಳೆಯಬಹುದು. ನುಂಗುವಾಗ ಚಟಪಟ ಸದ್ದು ಕೇಳತೊಡಗಿದರೆ ಗಾಳಿ ಒಳನುಗ್ಗುತ್ತಿದೆ ಎಂದರ್ಥ. ಅದು ಒಳ್ಳೆಯ ಲಕ್ಷಣ.

ಕಿವಿಗೆ ಬಿಸಿ ಎಣ್ಣೆ ಬಿಡುವುದರಿಂದ ಪ್ರಯೋಜನವಿಲ್ಲ. ತೂತಿಲ್ಲದ ತಮಟೆಯನ್ನು ದಾಟಿ ಎಣ್ಣೆ ದ್ರವವನ್ನು ಮುಟ್ಟಲಾರದು. ಆ್ಯಂಟಿಬಯಾಟಿಕ್, ಅಲರ್ಜಿ ಮಾತ್ರೆಗಳಿಂದಲೂ ಈ ದ್ರವ ಬೇಗ ಇಳಿಯುವುದಿಲ್ಲ. ಮೂಗು ಬಿಡಿಸುವ ಡ್ರಾಪ್ಸನ್ನು ವಾರಕ್ಕಿಂತ ಹೆಚ್ಚು ಹಾಕಿದರೆ ಮೂಗು ಮತ್ತೆ ಕಟ್ಟುತ್ತದೆ. ನೆಗಡಿ ಪೂರ್ತಿ ಹೋದಮೇಲೆ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲನೆ ಗಾಳಿ ಒತ್ತುವುದು ಕೆಲವರಿಗೆ ನೆರವಾಗುತ್ತದೆ. ಜೋರಾಗಿ ಒತ್ತಬಾರದು.

ಮಗುವಿನ ಎರಡೂ ಕಿವಿಗಳಲ್ಲಿ ದ್ರವ ಮೂರು ತಿಂಗಳು ದಾಟಿ ನಿಂತು ಕೇಳಿಸುವುದೂ ಕುಗ್ಗಿದ್ದರೆ, ತಮಟೆಯಲ್ಲಿ ಗ್ರೋಮೆಟ್ ಎಂಬ ಕಿರುಕೊಳವೆ ಇಡುವುದನ್ನು ವೈದ್ಯರು ಯೋಚಿಸುತ್ತಾರೆ. ದೊಡ್ಡವರಲ್ಲಿ ಒಂದೇ ಕಿವಿಯ ದ್ರವ ವಾರಗಟ್ಟಲೆ ಇಳಿಯದಿದ್ದರೆ ಮೂಗಿನ ಹಿಂಭಾಗವನ್ನು ಎಂಡೋಸ್ಕೋಪಿನಿಂದ ನೋಡಲೇಬೇಕು. ಅಪರೂಪಕ್ಕೆ ಅಲ್ಲಿ ಬೆಳೆದ ಗಡ್ಡೆಯೇ ನಾಳದ ಬಾಯಿಯನ್ನು ಮುಚ್ಚಿರುತ್ತದೆ.