ಫೋಟೋದಲ್ಲಿ ಬಂದ ಕಾಗದ ಯಾವುದು?

ಪ್ರಥಮ ಪಿಯುಸಿಯ ಲೆಕ್ಕಶಾಸ್ತ್ರದಲ್ಲಿ ನಾವು ಮೂಲ ದಾಖಲೆಗಳ ಬಗ್ಗೆ ಓದುತ್ತೇವೆ. ರಸೀದಿ, ಬಿಲ್, ಕ್ಯಾಶ್ ಮೆಮೋ, ಹೀಗೆ ಒಂದೊಂದಕ್ಕೂ ಪುಸ್ತಕದಲ್ಲಿ ಅಚ್ಚುಕಟ್ಟಾದ ಮಾದರಿ ಇರುತ್ತದೆ. ಆದರೆ ಮನೆಗೆ ಬರುವ ಕಾಗದ ಹಾಗಿರುವುದಿಲ್ಲ. ಅದು ವಾಟ್ಸ್ಆ್ಯಪ್‌ನಲ್ಲಿ ಓರೆಯಾಗಿ, ಅರ್ಧ ನೆರಳಿನಲ್ಲಿ, ಒಂದು ಮೂಲೆ ಕತ್ತರಿಸಿಕೊಂಡು ಬರುತ್ತದೆ. ಅದನ್ನು ನೋಡಿಯೇ ನಾವು ಹಣ ಕೊಡುವ ತೀರ್ಮಾನ ಮಾಡಬೇಕಾಗುತ್ತದೆ.

ಕಳೆದ ರಜೆಯಲ್ಲಿ ನಮ್ಮ ಖಾಲಾ ಅವರಿಗೆ ಇಂಥ ಮೂರು ಫೋಟೋಗಳು ಬಂದವು. ಅವರು ಐದು ಲಕ್ಷಕ್ಕೆ ಒಂದು ಮನೆಯನ್ನು ಭೋಗ್ಯಕ್ಕೆ ಹಾಕಿಕೊಳ್ಳುವವರಿದ್ದರು. ಬ್ರೋಕರ್ ಕಾಗದಗಳ ಫೋಟೋ ಕಳಿಸಿ, ‘ಎಲ್ಲಾ ರೆಡಿ ಇದೆ, ಐವತ್ತು ಸಾವಿರ ಅಡ್ವಾನ್ಸ್ ಹಾಕಿ, ಒರಿಜಿನಲ್ ನಾಳೆ ಕೊಡುತ್ತೇನೆ’ ಎಂದಿದ್ದ. ಖಾಲಾ ನನ್ನ ಕೈಗೆ ಫೋನ್ ಕೊಟ್ಟು, ‘ಬೇಟಾ, ನೀನು ಕಾಮರ್ಸ್ ಓದುತ್ತೀಯಲ್ಲ, ಇವೇನು ಕಾಗದ ನೋಡು’ ಎಂದರು. ಆ ಮೂರನ್ನೂ ಇಲ್ಲಿ ಒಂದೊಂದಾಗಿ ನೋಡೋಣ.

ಮೊದಲನೆಯದು ಸ್ಟಾಂಪ್ ಪೇಪರ್. ಇದನ್ನು ದೂರದಿಂದಲೇ ಗುರುತಿಸಬಹುದು. ಸುತ್ತಲೂ ಬಣ್ಣದ ಕುಸುರಿ ಅಂಚು, ತಲೆಯ ಮೇಲೆ ‘ಇಂಡಿಯಾ ನಾನ್ ಜುಡಿಷಿಯಲ್’, ಅಶೋಕ ಸ್ತಂಭದ ಲಾಂಛನ, ಅದರ ಕೆಳಗೆ ಕರ್ನಾಟಕ ಸರ್ಕಾರದ ಹೆಸರು. ನಮ್ಮ ಅಜ್ಜಂದಿರ ಕಾಲದ ಛಾಪಾ ಕಾಗದದಲ್ಲಿ ಮೇಲ್ಭಾಗದಲ್ಲಿ ರೂಪಾಯಿಯ ಬೆಲೆ ದೊಡ್ಡದಾಗಿ ಅಚ್ಚಾಗಿರುತ್ತಿತ್ತು. ಯಾರು, ಯಾವತ್ತು ಕೊಂಡರು ಎಂಬುದನ್ನು ಮಾರಿದವನು ಹಿಂಬದಿಯಲ್ಲಿ ಕೈಯಿಂದ ಬರೆದು ಸೀಲು ಹಾಕುತ್ತಿದ್ದ. ಆದ್ದರಿಂದ ಹಳೆಯ ಕಾಗದದ ಫೋಟೋ ಬಂದರೆ ಹಿಂಬದಿಯ ಫೋಟೋವನ್ನೂ ಕೇಳಬೇಕು. ನಕಲಿ ಛಾಪಾ ಕಾಗದದ ದೊಡ್ಡ ಹಗರಣದ ನಂತರ ನಮ್ಮ ರಾಜ್ಯದಲ್ಲಿ ಆ ಕಾಗದಗಳು ಹೋಗಿ, ಸ್ಟಾಕ್ ಹೋಲ್ಡಿಂಗ್ ಕಾರ್ಪೊರೇಷನ್ನಿನ ಇ-ಸ್ಟಾಂಪ್ ಬಂತು. ಖಾಲಾಗೆ ಬಂದದ್ದು ಇದೇ.

ಇ-ಸ್ಟಾಂಪ್ ಹಾಳೆಯಲ್ಲಿ ಎರಡು ಭಾಗಗಳಿವೆ. ಈ ಎರಡನ್ನು ಬೇರೆ ಬೇರೆಯಾಗಿ ನೋಡಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಮೇಲಿನ ಭಾಗ ಸರ್ಟಿಫಿಕೇಟ್. ಅದರಲ್ಲಿ ಸಾಲಾಗಿ ಸರ್ಟಿಫಿಕೇಟ್ ಸಂಖ್ಯೆ, ಕೊಟ್ಟ ದಿನಾಂಕ ಮತ್ತು ಸಮಯ, ಕೊಂಡವರ ಹೆಸರು, ಯಾವ ಬಗೆಯ ದಸ್ತಾವೇಜಿಗೆ, ಮೊದಲನೇ ಪಕ್ಷಗಾರರು, ಎರಡನೇ ಪಕ್ಷಗಾರರು, ಕಟ್ಟಿದ ಶುಲ್ಕ ಎಷ್ಟು ಎಂದು ಇರುತ್ತದೆ. ಕರ್ನಾಟಕದ ಸಂಖ್ಯೆ IN-KA ಎಂದು ಶುರುವಾಗುತ್ತದೆ. ಇವೆಲ್ಲದರ ಕೆಳಗೆ ‘ಈ ಗೆರೆಯ ಕೆಳಗೆ ಬರೆಯಿರಿ ಅಥವಾ ಟೈಪ್ ಮಾಡಿ’ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು. ಆ ಗೆರೆಯ ಕೆಳಗಿರುವುದು ಸರ್ಕಾರ ಬರೆದದ್ದಲ್ಲ. ಅದನ್ನು ಬಾಂಡ್ ರೈಟರ್ ಟೈಪ್ ಮಾಡಿದ್ದು. ಮೇಲಿನ ಲಾಂಛನ ಹೇಳುವುದು ಇಷ್ಟೇ: ಇಂಥವರು ಇಂಥ ದಿನ ಇಷ್ಟು ಶುಲ್ಕ ಕಟ್ಟಿದ್ದಾರೆ. ಕೆಳಗೆ ಬರೆದ ಮಾತು ಸತ್ಯ ಎಂದು ಅದು ಹೇಳುವುದಿಲ್ಲ. ಪಕ್ಕದಲ್ಲಿ ಇರುವ ಸಹಕಾರ ಸಂಘದ ಸೀಲು ಕೂಡ ಸ್ಟಾಂಪ್ ಕೊಟ್ಟ ಕೌಂಟರಿನದು, ಕರಾರಿನದಲ್ಲ.

ಹಾಗಾಗಿ ನೋಡಬೇಕಾದದ್ದು ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಹೊಂದಾಣಿಕೆ ಇದೆಯೇ ಎಂದು. ಖಾಲಾಗೆ ಬಂದ ಫೋಟೋದಲ್ಲಿ ಕೆಳಗೆ ‘ಮನೆ ಭೋಗ್ಯದ ಕರಾರು ಪತ್ರ’ ಎಂದು ದಪ್ಪ ಅಕ್ಷರದಲ್ಲಿತ್ತು. ಮೇಲೆ ದಸ್ತಾವೇಜಿನ ಬಗೆ ಎಂಬಲ್ಲಿ ‘ಆರ್ಟಿಕಲ್ 4 ಅಫಿಡವಿಟ್’ ಎಂದಿತ್ತು. ಅಫಿಡವಿಟ್ ಎಂದರೆ ಒಬ್ಬರೇ ಪ್ರಮಾಣ ಮಾಡಿ ಹೇಳುವ ಮಾತು. ಕರ್ನಾಟಕ ಸ್ಟಾಂಪ್ ಕಾಯ್ದೆಯ ಪಟ್ಟಿಯಲ್ಲಿ ಸ್ಥಿರಾಸ್ತಿಯ ಲೀಸಿಗೆ ಬೇರೆಯದೇ ಆರ್ಟಿಕಲ್ ಇದೆ, ಅದು 30. ಶುಲ್ಕದ ಲೆಕ್ಕವೂ ಬೇರೆ. ಶುಲ್ಕ ಕಡಿಮೆ ಕಟ್ಟಿದ ಕರಾರನ್ನು ನ್ಯಾಯಾಲಯಕ್ಕೆ ಕೊಂಡುಹೋದರೆ, ಬಾಕಿ ಶುಲ್ಕ ಮತ್ತು ದಂಡ ಕಟ್ಟುವವರೆಗೆ ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ.

ಎರಡನೆಯದಾಗಿ ದಿನಾಂಕ. ಕರಾರಿನ ದಿನಾಂಕ ಸ್ಟಾಂಪ್ ಕೊಟ್ಟ ದಿನವೇ ಇರಬೇಕು ಅಥವಾ ಅದರ ನಂತರ ಇರಬೇಕು. ಸ್ಟಾಂಪ್ ಜೂನ್ 10ರದು, ಕರಾರು ಜೂನ್ 1ರದು ಎಂದಿದ್ದರೆ, ಹಿಂದಿನ ತಾರೀಖು ಹಾಕಿ ಬರೆದಿದ್ದಾರೆ ಎಂದರ್ಥ. ನಮ್ಮ ಫೋಟೋದಲ್ಲಿ ಇದು ಸರಿಯಾಗಿತ್ತು. ಮೂರನೆಯದು ಹೆಸರು. ಪಕ್ಷಗಾರರ ಹೆಸರಿನ ಸಾಲುಗಳು ಮಾತ್ರ ಫೋಟೋದಲ್ಲಿ ಹೆಬ್ಬೆರಳಿನ ಕೆಳಗೆ ಮುಚ್ಚಿಹೋಗಿದ್ದವು. ಸಂಖ್ಯೆ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

ಆ ಸಂಖ್ಯೆಯನ್ನು www.shcilestamp.com ತಾಣದಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ರಾಜ್ಯ, ಸಂಖ್ಯೆ, ದಸ್ತಾವೇಜಿನ ಬಗೆ, ದಿನಾಂಕ ಕೊಟ್ಟರೆ ವಿವರ ಬರುತ್ತದೆ. ಹಾಳೆಯ ತಳದಲ್ಲಿರುವ ಎಚ್ಚರಿಕೆಯಲ್ಲೂ ಇದನ್ನೇ ಹೇಳಿದೆ, ಪರೀಕ್ಷಿಸುವ ಹೊಣೆ ಕಾಗದವನ್ನು ಬಳಸುವವರದೇ ಎಂದೂ ಬರೆದಿದೆ. ನಾನು ಹಾಕಿ ನೋಡಿದೆ. ಮೊದಲ ಸಲ ಬರಲಿಲ್ಲ, ಏಕೆಂದರೆ ಮಸುಕಿನಲ್ಲಿ 8 ಅನ್ನು 6 ಎಂದು ಓದಿದ್ದೆ. ಎರಡನೇ ಸಲ ಬಂತು. ಸರ್ಟಿಫಿಕೇಟ್ ಅಸಲಿಯೇ. ಆದರೆ ಅದರಲ್ಲಿದ್ದ ಹೆಸರುಗಳು ಮನೆ ಮಾಲೀಕರದೂ ಅಲ್ಲ, ಖಾಲಾ ಅವರದೂ ಅಲ್ಲ. ಬೇರೆ ಯಾರೋ ಅಫಿಡವಿಟ್ಟಿಗೆಂದು ಕೊಂಡ ಸ್ಟಾಂಪಿನ ಕೆಳಗೆ ಖಾಲಾ ಅವರ ಕರಾರು ಟೈಪಾಗಿತ್ತು. ಸಂಖ್ಯೆ ನಿಜವಾಗಿದ್ದರೆ ಸಾಕು ಎಂದುಕೊಂಡು ಅಲ್ಲಿಗೇ ನಿಲ್ಲಿಸಿದ್ದರೆ ನಾವು ಮೋಸಹೋಗುತ್ತಿದ್ದೆವು.

ಕರಾರಿನ ಕೊನೆಯಲ್ಲಿ ಒಂದು ದುಂಡು ಕೆಂಪು ಸೀಲು ಇತ್ತು. ಅದನ್ನು ನೋಡಿ ಖಾಲಾ, ‘ರಿಜಿಸ್ಟರ್ ಆಗಿದೆಯಲ್ಲ’ ಎಂದರು. ಅದು ನೋಟರಿಯ ಸೀಲು. ನೋಟರಿ ತನ್ನ ಮುಂದೆ ಸಹಿ ಆಯಿತು ಎಂದು ದೃಢೀಕರಿಸುತ್ತಾರೆ, ಅಷ್ಟೇ. ನೋಂದಣಿಯಾದ ಪತ್ರದಲ್ಲಿ ಉಪನೋಂದಣಾಧಿಕಾರಿ ಕಚೇರಿಯ ಮೊಹರು, ದಸ್ತಾವೇಜಿನ ಸಂಖ್ಯೆ, ಎಷ್ಟನೇ ಪುಟ ಎಂಬ ನಮೂದು ಇರುತ್ತದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಲೀಸ್ ಪತ್ರಕ್ಕೆ ನೋಂದಣಿ ಕಡ್ಡಾಯ. ಈ ಕರಾರಿನಲ್ಲಿ ಅವಧಿ ಮೂರು ವರ್ಷ ಎಂದಿತ್ತು.

ಎರಡನೇ ಫೋಟೋ ರಸೀದಿ. ರಸೀದಿಯ ಗುರುತು ‘ಇಂಥವರಿಂದ ಇಷ್ಟು ಹಣ ಸಂದಿದೆ’ ಎಂಬ ವಾಕ್ಯ. ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ ಮೊತ್ತ ಇರಬೇಕು. ಹಣ ಯಾವುದಕ್ಕೆ ಎಂಬುದು ಇರಬೇಕು. ಕೆಳಗೆ ಹಣ ಪಡೆದವರ ಸಹಿ ಇರಬೇಕು, ಕೊಟ್ಟವರದಲ್ಲ. ಮೊತ್ತ 5,000 ರೂಪಾಯಿ ಮೀರಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಬೇಕು. ಸಹಿಯನ್ನು ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕಾಗದದ ಮೇಲೆ ಬರುವಂತೆ ಹಾಕುತ್ತಾರೆ. ಆ ಸ್ಟಾಂಪನ್ನು ಕಿತ್ತು ಇನ್ನೊಂದು ಕಡೆ ಅಂಟಿಸಲು ಆಗಬಾರದು ಎಂಬುದೇ ಇದರ ಉದ್ದೇಶ. ಖಾಲಾಗೆ ಬಂದ ರಸೀದಿಯಲ್ಲಿ ಸ್ಟಾಂಪ್ ಇತ್ತು, ಸಹಿ ಅದರ ಪಕ್ಕದಲ್ಲಿತ್ತು. ಸಹಿ ಮಾಲೀಕರದಲ್ಲ, ಬ್ರೋಕರಿನದು. ‘ಮನೆ ವ್ಯವಹಾರಕ್ಕಾಗಿ’ ಎಂದಿತ್ತೇ ಹೊರತು ಯಾವ ಮನೆ ಎಂದು ಇರಲಿಲ್ಲ. ದಿನಾಂಕದ ಜಾಗ ಖಾಲಿ. ಇದಕ್ಕಿಂತ ದೊಡ್ಡ ವಿಷಯವೆಂದರೆ, ಖಾಲಾ ಇನ್ನೂ ಹಣವನ್ನೇ ಕೊಟ್ಟಿರಲಿಲ್ಲ! ಹಣ ಬರುವ ಮೊದಲೇ ಬರೆದಿಟ್ಟ ರಸೀದಿ ರಸೀದಿಯಲ್ಲ, ತೋರಿಸುವ ಚೀಟಿ.

ಮೂರನೆಯದು ಬ್ರೋಕರ್ ಕಮಿಷನ್ನಿನ ಬಿಲ್. ಮೇಲೆ ದೊಡ್ಡದಾಗಿ ‘ಟ್ಯಾಕ್ಸ್ ಇನ್‌ವಾಯ್ಸ್’ ಎಂದು ಬರೆದು, ಕಮಿಷನ್ 10,000, ಶೇಕಡಾ 18ರಂತೆ ಜಿಎಸ್‌ಟಿ 1,800, ಒಟ್ಟು 11,800 ಎಂದು ತೋರಿಸಿದ್ದ. ಲೆಕ್ಕ ಸರಿ. ಆದರೆ ಟ್ಯಾಕ್ಸ್ ಇನ್‌ವಾಯ್ಸಿನ ಪ್ರಾಣ ಇರುವುದು ಮೊತ್ತದಲ್ಲಲ್ಲ, ಜಿಎಸ್‌ಟಿಐಎನ್‌ನಲ್ಲಿ. ಅದು 15 ಅಕ್ಷರ ಮತ್ತು ಅಂಕಿಗಳ ಸಂಖ್ಯೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಆ ವ್ಯಾಪಾರಿಯ ಪ್ಯಾನ್. ಮಾದರಿಗೆ ಹೀಗೆ: 29ABCDE1234F1Z5. ಇದನ್ನು www.gst.gov.in ತಾಣದಲ್ಲಿ ಹಾಕಿದರೆ ವ್ಯಾಪಾರದ ಹೆಸರು ಸಿಗುತ್ತದೆ. ಇದರ ಜೊತೆಗೆ ಬಿಲ್ಲಿಗೆ ಒಂದು ಕ್ರಮಸಂಖ್ಯೆಯೂ ಇರಬೇಕು. ನಮ್ಮ ಬಿಲ್ಲಿನಲ್ಲಿ ಈ ಎರಡೂ ಇರಲಿಲ್ಲ. ಜಿಎಸ್‌ಟಿ ನೋಂದಣಿ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ಅಂದರೆ ಆ 1,800 ರೂಪಾಯಿ ಸರ್ಕಾರಕ್ಕೆ ಹೋಗುವ ತೆರಿಗೆಯಲ್ಲ. ‘ಎಸ್ಟಿಮೇಟ್’ ಅಥವಾ ‘ಕೊಟೇಶನ್’ ಎಂಬ ತಲೆಬರಹ ಇದ್ದರೆ ಅದು ಬೆಲೆ ಹೇಳುವ ಕಾಗದ ಮಾತ್ರ, ಮಾರಾಟದ ಬಿಲ್ ಅಲ್ಲ ಎಂಬುದನ್ನೂ ನೆನಪಿಡಬೇಕು.

ಫೋಟೋದಿಂದ ಗೊತ್ತಾಗದ ಸಂಗತಿಗಳೂ ಇವೆ. ಸಹಿ ಯಾರದು, ಸೀಲು ಶಾಯಿಯದೋ ಕಲರ್ ಪ್ರಿಂಟೋ, ಅಂಕಿಯನ್ನು ಫೋನಿನಲ್ಲೇ ತಿದ್ದಿದ್ದಾರೋ ಎಂಬುದನ್ನು ಫೋಟೋ ನೋಡಿ ಹೇಳಲಾಗದು. ಫೋಟೋ ಹೇಳುವುದು ಕಾಗದ ಯಾವ ಜಾತಿಯದು, ಅದರಲ್ಲಿ ಏನು ಇರಬೇಕಿತ್ತು, ಏನು ಇಲ್ಲ ಎಂಬುದನ್ನು. ಅದಕ್ಕಾದರೂ ನಾಲ್ಕು ಮೂಲೆಯೂ ಕಾಣುವಂತೆ, ಬೆರಳು ಅಡ್ಡ ಬರದಂತೆ, ಮುಂದೆ ಹಿಂದೆ ಎರಡೂ ಕಡೆ, ಸಂಖ್ಯೆಯನ್ನು ಹತ್ತಿರದಿಂದ ತೆಗೆದು ಕಳಿಸಿ ಎಂದು ಕೇಳಬೇಕು. ಹಣ ಕೊಡುವುದು ಮಾತ್ರ ಅಸಲು ಕಾಗದ ಕಣ್ಣೆದುರು ಇದ್ದಾಗ.

ಖಾಲಾ ಹಾಗೆಯೇ ಕೇಳಿದರು. ಹೆಸರಿನ ಸಾಲು ಕಾಣುವ ಫೋಟೋ ಬೇಕು, ಮಾಲೀಕರ ಎದುರಿಗೇ ಹಣ ಕೊಡುತ್ತೇವೆ ಎಂದರು. ಆಮೇಲೆ ಎರಡು ದಿನ ಬ್ರೋಕರ್ ಫೋನ್ ಎತ್ತಲಿಲ್ಲ. ಮೂರನೇ ದಿನ, ‘ಆ ಮನೆ ಬೇರೆಯವರಿಗೆ ಆಯಿತು’ ಎಂದು ಮೆಸೇಜ್ ಬಂತು. ಖಾಲಾ ಈಗಲೂ ಮನೆ ಹುಡುಕುತ್ತಿದ್ದಾರೆ, ಐದು ಲಕ್ಷ ಅವರ ಬ್ಯಾಂಕ್ ಖಾತೆಯಲ್ಲೇ ಇದೆ.